ಅರ್ಜಿ ಹಾಕುವ ಮುನ್ನ 15 ನಿಮಿಷ: ಘೋಸ್ಟ್ ಜಾಬ್ ಮತ್ತು ನಕಲು ಜಾಹೀರಾತುಗಳನ್ನು ಹಿಡಿಯುವುದು ಹೇಗೆ?

ಜಾಬ್ ಪೋರ್ಟಲ್‌ನಲ್ಲಿ '3 ದಿನಗಳ ಹಿಂದೆ' ಅಂತ ಕಂಡ ತಕ್ಷಣ ಹುದ್ದೆ ಹೊಸದು ಎಂದು ನಂಬಿ ಅರ್ಜಿ ಹಾಕಿಬಿಡುತ್ತೇವೆ. ಹೆಚ್ಚಿನವರು ಎಡವುವುದು ಇಲ್ಲೇ. ಆ ದಿನಾಂಕ ಜಾಹೀರಾತಿನದು, ಹುದ್ದೆಯದಲ್ಲ. ಐದು ತಿಂಗಳಿಂದ ಯಾರನ್ನೂ ತೆಗೆದುಕೊಳ್ಳದೆ ಬಿದ್ದಿರುವ ಹುದ್ದೆಯನ್ನೂ ಮತ್ತೆ ಪ್ರಕಟಿಸಿದರೆ ನಿನ್ನೆಯದೇ ದಿನಾಂಕ ಬರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಘೋಸ್ಟ್ ಜಾಬ್ ಅಂದರೆ ಜಾಹೀರಾತು ಇದೆ, ಆದರೆ ಸದ್ಯಕ್ಕೆ ಯಾರನ್ನೂ ತೆಗೆದುಕೊಳ್ಳುವ ಉದ್ದೇಶವಿಲ್ಲ. ನಕಲು ಅಂದರೆ ಹುದ್ದೆ ಒಂದೇ, ಜಾಹೀರಾತು ನಾಲ್ಕೈದು. ಮೊದಲನೆಯದರಲ್ಲಿ ಸಮಯ ಹೋಗುತ್ತದೆ. ಎರಡನೆಯದರಲ್ಲಿ ಸಮಯದ ಜೊತೆಗೆ ಇರುವ ಒಂದು ಅವಕಾಶವೂ ಕೈತಪ್ಪಬಹುದು. ಹೇಗೆ ಅನ್ನುವುದನ್ನು 5ನೇ ಹಂತದಲ್ಲಿ ನೋಡೋಣ.

ಎರಡಕ್ಕೂ ಮದ್ದು ಒಂದೇ: ಜಾಹೀರಾತಿನ ಜಾಡು ಹಿಡಿದು ಮೂಲಕ್ಕೆ ಹೋಗಿ, ಅಲ್ಲಿ ಹುದ್ದೆಯ ನಂಬರ್ ಮತ್ತು ನಿಜವಾದ ವಯಸ್ಸನ್ನು ನೋಡುವುದು.

## ಮೊದಲು ಕೈಯಲ್ಲಿ ಏನಿರಬೇಕು

ಒಂದು ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್ ಬೇಕು. ಮುಂದೆ ಹೇಳುವ ಒಂದು ಹಂತ ಮೊಬೈಲ್‌ನಲ್ಲಿ ಸರಿಯಾಗಿ ಆಗುವುದಿಲ್ಲ. ಜೊತೆಗೆ ಒಂದು ಸ್ಪ್ರೆಡ್‌ಶೀಟ್ ತೆರೆದು ಆರು ಕಾಲಂ ಮಾಡಿಕೊಳ್ಳಿ: ಸಂಸ್ಥೆ, ಹುದ್ದೆಯ ಹೆಸರು, ಊರು, ಹುದ್ದೆಯ ನಂಬರ್, ನಾನು ಮೊದಲು ನೋಡಿದ ದಿನ, ಯಾರ ಮೂಲಕ ಅರ್ಜಿ. ಕೊನೆಯ ಕಾಲಂ ಬೇಡ ಅನ್ನಿಸಬಹುದು, ಆದರೆ ಸಂಸ್ಥೆಗಳಿಗೆ ಅಭ್ಯರ್ಥಿಗಳನ್ನು ಹುಡುಕಿಕೊಡುವ ಏಜೆನ್ಸಿ ಮಧ್ಯೆ ಬಂದಾಗ ಕಾಪಾಡುವುದು ಅದೇ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಜೊತೆಗೆ ಇಟ್ಟುಕೊಳ್ಳೋಣ. ಇವತ್ತು 2025ರ ಜೂನ್ 20. 'ಸೀನಿಯರ್ ಅಕೌಂಟೆಂಟ್' ಎಂದು ಹುಡುಕಿದಾಗ ಐದು ಜಾಹೀರಾತು ಸಿಕ್ಕಿವೆ ಎಂದುಕೊಳ್ಳಿ. ಮೊದಲನೆಯದು ಒಂದು ತಯಾರಿಕಾ ಸಂಸ್ಥೆ ತನ್ನ ಹೆಸರಲ್ಲೇ ಹಾಕಿದ್ದು, '3 ದಿನಗಳ ಹಿಂದೆ' ಎಂದಿದೆ. ಎರಡನೆಯದು ಮತ್ತು ಮೂರನೆಯದು ಎರಡು ಏಜೆನ್ಸಿಗಳದ್ದು. ಅವುಗಳಲ್ಲಿ ಸಂಸ್ಥೆಯ ಹೆಸರಿಲ್ಲ, 'ಹೆಸರಾಂತ ತಯಾರಿಕಾ ಸಂಸ್ಥೆ' ಅಂತಷ್ಟೇ ಇದೆ. ನಾಲ್ಕನೆಯದು ಬೇರೆ ವೆಬ್‌ಸೈಟ್‌ಗಳಿಂದ ಜಾಹೀರಾತು ಎತ್ತಿ ತೋರಿಸುವ ಪೋರ್ಟಲ್‌ನಲ್ಲಿದೆ. ಐದನೆಯದು ಮತ್ತೆ ಮೊದಲನೆಯ ಸಂಸ್ಥೆಯದ್ದೇ, ಆದರೆ ಊರು ಬೇರೆ.

## ಹಂತ 1: ಅಪರೂಪದ ಒಂದು ಸಾಲು ಹಿಡಿದು ಹುಡುಕಿ

ಹುದ್ದೆಯ ಹೆಸರಿನಿಂದ ನಕಲು ಪತ್ತೆಯಾಗುವುದಿಲ್ಲ. ಏಜೆನ್ಸಿಗಳು ಮೊದಲು ಬದಲಿಸುವುದೇ ಹೆಸರನ್ನು. 'ಸೀನಿಯರ್ ಅಕೌಂಟೆಂಟ್' ಅವರ ಕೈಯಲ್ಲಿ 'ಅಕೌಂಟ್ಸ್ ಲೀಡ್' ಆಗುತ್ತದೆ. ಬದಲಾಗದೆ ಉಳಿಯುವುದು ಕೆಲಸದ ವಿವರ.

ಹಾಗಾಗಿ ವಿವರದೊಳಗೆ ಬೇರೆ ಸಂಸ್ಥೆಗೆ ಹೊಂದದ ಒಂದು ಸಾಲು ಆರಿಸಿ. 'ಒಳ್ಳೆಯ ಸಂವಹನ ಕೌಶಲ ಇರಬೇಕು' ಎನ್ನುವುದು ಸಾವಿರ ಕಡೆ ಸಿಗುತ್ತದೆ, ಅದು ಬೇಡ. ನಮ್ಮ ಉದಾಹರಣೆಯಲ್ಲಿ ಹೀಗೊಂದು ಸಾಲಿದೆ: 'ಮೂರು ಗೋದಾಮುಗಳ ಸ್ಟಾಕ್ ಲೆಕ್ಕವನ್ನು ತಿಂಗಳ 4ನೇ ಕೆಲಸದ ದಿನದೊಳಗೆ ಮುಗಿಸಬೇಕು.' ಇದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಸರ್ಚ್ ಎಂಜಿನ್‌ನಲ್ಲಿ ಹುಡುಕಿ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಕಾಪಿ ಮಾಡಿ. ಎಂಟರಿಂದ ಹನ್ನೆರಡು ಪದ ಸಾಕು. ಜಾಸ್ತಿ ಆದರೆ ಒಂದು ಪದ ಬದಲಾಗಿದ್ದರೂ ಫಲಿತಾಂಶ ಬರದೇ ಹೋಗಬಹುದು.

ಹೀಗೆ ಹುಡುಕಿದಾಗ ಮೊದಲನೆಯದು, ಎರಡನೆಯದು ಮತ್ತು ನಾಲ್ಕನೆಯದು ಒಟ್ಟಿಗೆ ಸಿಕ್ಕವು. ಮೂರನೆಯದು ಸಿಗಲಿಲ್ಲ, ಯಾಕೆಂದರೆ ಆ ಏಜೆನ್ಸಿ ವಾಕ್ಯಗಳನ್ನು ತಿದ್ದಿ ಬರೆದಿದೆ. ಆದರೆ ತೆರೆದು ಓದಿದರೆ 'ಮೂರು ಗೋದಾಮು', '4ನೇ ದಿನ' ಎರಡೂ ಅಲ್ಲಿವೆ. ಮಾತು ಬದಲಿಸಿದರೂ ಸಂಖ್ಯೆಗಳನ್ನು ಸಾಮಾನ್ಯವಾಗಿ ಯಾರೂ ಬದಲಿಸುವುದಿಲ್ಲ. ಎಷ್ಟು ವರ್ಷದ ಅನುಭವ, ಎಷ್ಟು ಜನರ ತಂಡ, ಯಾವ ಸಾಫ್ಟ್‌ವೇರ್: ಈ ಮೂರೂ ಹೊಂದಿದರೆ ಅದು ಅದೇ ಹುದ್ದೆ ಇರುವ ಸಾಧ್ಯತೆ ಬಹಳ ಜಾಸ್ತಿ. ಸಂಬಳ ಮಾತ್ರ ಬೇರೆ ಇರಬಹುದು. ಏಜೆನ್ಸಿಯವರು ಗಮನ ಸೆಳೆಯಲು ಮೇಲಿನ ಮಿತಿಯನ್ನು ಎತ್ತರಿಸುವುದುಂಟು. ಸಂಬಳ ಬೇರೆ ಇದೆ ಅಂತ ಹುದ್ದೆಯೂ ಬೇರೆ ಎಂದುಕೊಳ್ಳಬೇಡಿ.

## ಹಂತ 2: ಸಂಸ್ಥೆಯ ಸ್ವಂತ ಪುಟಕ್ಕೆ ಹೋಗಿ

ಈಗ ಸಂಸ್ಥೆಯ ವೆಬ್‌ಸೈಟ್ ತೆರೆದು ಅಲ್ಲಿನ ಉದ್ಯೋಗ ಪುಟ ನೋಡಿ. ಜಾಹೀರಾತಿನಲ್ಲಿರುವ ಲಿಂಕ್ ಒತ್ತಬೇಡಿ. ಸಂಸ್ಥೆಯ ಹೆಸರನ್ನು ನೀವೇ ಹುಡುಕಿ ಹೋಗಿ. ಕಾರಣವನ್ನು 6ನೇ ಹಂತದಲ್ಲಿ ಹೇಳುತ್ತೇನೆ.

ಸಂಸ್ಥೆಯ ಪುಟದಲ್ಲಿ ಹುದ್ದೆ ಇಲ್ಲದೇ ಪೋರ್ಟಲ್‌ನಲ್ಲಿ ಮಾತ್ರ ಇದ್ದರೆ ಅದು ಬಲವಾದ ಎಚ್ಚರಿಕೆ. ಹುದ್ದೆ ತುಂಬಿದ ಮೇಲೆ ಸಂಸ್ಥೆ ತನ್ನ ಪುಟದಿಂದ ತೆಗೆದಿರುತ್ತದೆ, ಎತ್ತಿ ತೋರಿಸುವ ಪೋರ್ಟಲ್‌ಗಳು ತೆಗೆದಿರುವುದಿಲ್ಲ. ನಾಲ್ಕನೆಯ ಜಾಹೀರಾತಿನಂಥವು ಹೀಗೇ ವಾರಗಟ್ಟಲೆ ಉಳಿದುಬಿಡುತ್ತವೆ. ಇದಕ್ಕೆ ಒಂದು ವಿನಾಯಿತಿ ಇದೆ. ಸಣ್ಣ ಸಂಸ್ಥೆಗಳಿಗೆ ಉದ್ಯೋಗ ಪುಟವೇ ಇರುವುದಿಲ್ಲ, ಅವರು ಪೋರ್ಟಲ್ ಮೂಲಕವೇ ಕರೆಯುತ್ತಾರೆ. ಅಂಥ ಕಡೆ ಈ ಹಂತದಿಂದ ಏನೂ ತೀರ್ಮಾನಿಸಬೇಡಿ, ನೇರ 4ನೇ ಹಂತಕ್ಕೆ ಹೋಗಿ.

ಪುಟದಲ್ಲಿ ಹುದ್ದೆ ಸಿಕ್ಕರೆ ಅದರ ನಂಬರ್ ಹುಡುಕಿ. 'Job ID', 'Req ID', 'Requisition' ಎಂಬ ಹೆಸರಿನಲ್ಲಿ ಮೇಲ್ಗಡೆಯೋ ಕೆಳಗಡೆಯೋ ಇರುತ್ತದೆ. ಕೆಲವೊಮ್ಮೆ ಪುಟದ ವೆಬ್ ವಿಳಾಸದ ಕೊನೆಯಲ್ಲಿ ಮಾತ್ರ ಇರುತ್ತದೆ. ಹುದ್ದೆಗೆ ಇದೇ ಆಧಾರ್ ನಂಬರ್ ಇದ್ದ ಹಾಗೆ. ಜಾಹೀರಾತು ಹತ್ತು ಕಡೆ ಇರಲಿ, ನಂಬರ್ ಒಂದೇ ಇದ್ದರೆ ಹುದ್ದೆಯೂ ಒಂದೇ.

ನಮ್ಮ ಸಂಸ್ಥೆಯ ಪುಟದಲ್ಲಿ ಎರಡು ಅಕೌಂಟೆಂಟ್ ಹುದ್ದೆಗಳು ಕಂಡವು. ಮೊದಲ ಊರಿನದು R-2217. ಇನ್ನೊಂದು ಊರಿನದು R-2391. ಅಂದರೆ ಐದನೆಯ ಜಾಹೀರಾತು ನಕಲಲ್ಲ, ನಿಜವಾಗಿಯೂ ಬೇರೆ ಹುದ್ದೆ. ಊರು ಮಾತ್ರ ಬೇರೆಯಾಗಿ ನಂಬರ್ ಒಂದೇ ಇದ್ದಿದ್ದರೆ, ಒಂದೇ ಹುದ್ದೆಯನ್ನು ಹಲವು ಊರಿಗೆ ಹರಡಿದ್ದಾರೆ ಎಂದು ತಿಳಿಯಬೇಕಿತ್ತು.

ಈ ನಂಬರ್‌ಗಳು ಸಾಮಾನ್ಯವಾಗಿ ಏರುತ್ತಾ ಹೋಗುತ್ತವೆ. ಆ ಪುಟದಲ್ಲಿ ಇತ್ತೀಚಿನ ಹುದ್ದೆಯ ನಂಬರ್ R-2405 ಎಂದಿದ್ದರೆ, R-2391 ಅದರ ಹತ್ತಿರವಿದೆ. R-2217 ಬಹಳ ಹಿಂದೆ ಉಳಿದಿದೆ. ದಿನಾಂಕ ನೋಡುವ ಮೊದಲೇ ಯಾವುದು ಹಳೆಯದು ಅಂತ ಗೊತ್ತಾಯಿತು. ಕೆಲವು ಸಂಸ್ಥೆಗಳು ನಂಬರ್‌ನ ಮುಂದೆ ವರ್ಷವನ್ನೇ ಹಾಕುತ್ತವೆ, ಅಲ್ಲಂತೂ ಇನ್ನೂ ಸುಲಭ.

## ಹಂತ 3: ಪುಟದ ಒಳಗಿನ ದಿನಾಂಕ ಓದಿ

ಉದ್ಯೋಗ ಪುಟಗಳಲ್ಲಿ ಸರ್ಚ್ ಎಂಜಿನ್‌ಗಳಿಗಾಗಿ ಬರೆದ ಒಂದು ಮಾಹಿತಿ ತುಣುಕು ಹೆಚ್ಚಾಗಿ ಇರುತ್ತದೆ. ಅದು ತೆರೆಯ ಮೇಲೆ ಕಾಣುವುದಿಲ್ಲ. ಅದನ್ನು ನೋಡಲು ಸಂಸ್ಥೆಯ ಪುಟ ತೆರೆದು Ctrl+U ಒತ್ತಿ. ಮ್ಯಾಕ್‌ನಲ್ಲಾದರೆ ಪುಟದ ಮೇಲೆ ಬಲಕ್ಲಿಕ್ ಮಾಡಿ ಮೂಲ ಕೋಡ್ ತೋರಿಸುವ ಆಯ್ಕೆ ಹುಡುಕಿ. ಬೇರೆ ಟ್ಯಾಬ್‌ನಲ್ಲಿ ಉದ್ದದ ಕೋಡ್ ತೆರೆದುಕೊಳ್ಳುತ್ತದೆ. ಗಾಬರಿ ಬೇಡ, ಅದನ್ನೆಲ್ಲ ಓದಬೇಕಿಲ್ಲ. ಪುಟದೊಳಗೆ ಹುಡುಕುವ ಪೆಟ್ಟಿಗೆಯಲ್ಲಿ datePosted ಎಂದು ಟೈಪ್ ಮಾಡಿ. R-2217ರ ಪುಟದಲ್ಲಿ ಹೀಗೆ ಕಂಡಿತು:

```
"@type": "JobPosting",
"datePosted": "2025-01-14",
"validThrough": "2025-07-14"
```

ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಪೋರ್ಟಲ್‌ನಲ್ಲಿ '3 ದಿನಗಳ ಹಿಂದೆ' ಎಂದು ಮಿನುಗುತ್ತಿದ್ದ ಹುದ್ದೆ ಜನವರಿ 14ರದ್ದು. ಐದು ತಿಂಗಳು ದಾಟಿದೆ. R-2391ರ ಪುಟದಲ್ಲಿ ಜೂನ್ 6 ಎಂದಿತ್ತು. ಅಂದರೆ ಎರಡು ವಾರವಷ್ಟೇ.

ಇದನ್ನು ಓದುವಾಗ ಒಂದು ವಿಷಯ ಮನಸ್ಸಿನಲ್ಲಿರಲಿ. ಹಳೆಯ ದಿನಾಂಕ ಕಂಡರೆ ನಂಬಬಹುದು, ಯಾಕೆಂದರೆ ಹೊಸ ಹುದ್ದೆಗೆ ಯಾರೂ ಬೇಕೆಂದು ಹಳೆಯ ದಿನಾಂಕ ಹಾಕುವುದಿಲ್ಲ. ಹೊಸ ದಿನಾಂಕ ಕಂಡರೆ ಅಷ್ಟು ಬೇಗ ನಂಬಬೇಡಿ. ಹುದ್ದೆಯನ್ನು ಮುಚ್ಚಿ ಮತ್ತೆ ತೆರೆದರೆ ಇಲ್ಲಿಯೂ ದಿನಾಂಕ ಬದಲಾಗುತ್ತದೆ. ಆಗ ನಂಬರ್ ಏನು ಹೇಳುತ್ತದೆ ನೋಡಿ. ದಿನಾಂಕ ಹೊಸದು, ನಂಬರ್ ಹಳೆಯದು ಎಂದಾದರೆ ನಂಬರ್ ಮಾತನ್ನೇ ಕೇಳಿ.

datePosted ಸಿಗದಿದ್ದರೂ ನಿಲ್ಲಬೇಡಿ. web.archive.org ನಲ್ಲಿ ಸಂಸ್ಥೆಯ ಉದ್ಯೋಗ ಪುಟದ ವಿಳಾಸ ಹಾಕಿ ನೋಡಿ. ಒಂದೊಂದೇ ಜಾಹೀರಾತು ಅಲ್ಲಿ ಉಳಿದಿರುವುದು ಕಡಿಮೆ, ಆದರೆ ಎಲ್ಲ ಹುದ್ದೆಗಳ ಪಟ್ಟಿ ಇರುವ ಪುಟ ಎಷ್ಟೋ ಸಲ ಸಿಗುತ್ತದೆ. ಮೂರು ತಿಂಗಳ ಹಿಂದಿನ ಪ್ರತಿಯಲ್ಲೂ ಅದೇ ಹುದ್ದೆ ಇದ್ದರೆ ಉತ್ತರ ಸಿಕ್ಕಂತೆ. ಇನ್ನು ಪೋರ್ಟಲ್‌ಗಳ ಸುಳಿವನ್ನೂ ಗಮನಿಸಿ. ಲಿಂಕ್ಡ್‌ಇನ್‌ನಲ್ಲಿ ದಿನಾಂಕದ ಪಕ್ಕ 'Reposted' ಎಂದಿದ್ದರೆ ಅದು ಮೊದಲ ಪ್ರಕಟಣೆಯಲ್ಲ. ವರ್ಕ್‌ಡೇ ಎಂಬ ನೇಮಕಾತಿ ಸಾಫ್ಟ್‌ವೇರ್ ಬಳಸುವ ಸಂಸ್ಥೆಗಳ ಪುಟದಲ್ಲಿ 'Posted 30+ Days Ago' ಎಂದಿದ್ದರೆ ಅದು 31 ದಿನವೂ ಇರಬಹುದು, 300 ದಿನವೂ ಇರಬಹುದು.

## ಹಂತ 4: ಹಳೆಯದೆಲ್ಲ ಘೋಸ್ಟ್ ಅಲ್ಲ, ಬೇರ್ಪಡಿಸಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಹಿಂದಿನ ಹಂತದವರೆಗೆ ಚೆನ್ನಾಗಿ ಮಾಡಿದವರು ಇಲ್ಲಿ ಆತುರಪಟ್ಟು ಒಳ್ಳೆಯ ಹುದ್ದೆಗಳನ್ನೂ ಬಿಟ್ಟುಬಿಡುತ್ತಾರೆ.

ಜನ ಬಂದು ಹೋಗುತ್ತಲೇ ಇರುವ ಕೆಲಸಗಳಿವೆ. ಕಾಲ್ ಸೆಂಟರ್, ಡೆಲಿವರಿ, ಮಾರಾಟ, ಆಸ್ಪತ್ರೆಯ ನರ್ಸಿಂಗ್ ಮುಂತಾದ ಕಡೆ ಒಂದೇ ಜಾಹೀರಾತು ವರ್ಷವಿಡೀ ತೆರೆದಿರುತ್ತದೆ. ಅದರಡಿ ನಿಜವಾಗಿಯೂ ನೇಮಕ ಆಗುತ್ತಿರುತ್ತದೆ. ಹಾಗೆಯೇ ಬಹಳ ವಿಶೇಷ ಪರಿಣತಿ ಬೇಕಾದ ಹುದ್ದೆ ಆರು ತಿಂಗಳು ತುಂಬದೇ ಇರಬಹುದು. ಅನುಮಾನ ಪಡಬೇಕಾದದ್ದು ಇವುಗಳ ನಡುವಿನ ಹುದ್ದೆಯ ಬಗ್ಗೆ. ಒಬ್ಬರೇ ಬೇಕು, ಅರ್ಹತೆ ಸಾಮಾನ್ಯದ್ದು, ಅರ್ಜಿದಾರರು ಬೇಕಾದಷ್ಟು, ಆದರೂ ಐದು ತಿಂಗಳಿಂದ ಖಾಲಿ. ನಮ್ಮ R-2217 ಹಾಗೇ ಇದೆ ಅಲ್ವಾ?

ಇಂಥ ಹುದ್ದೆ ಹೀಗೆ ಉಳಿಯಲು ಕಾರಣಗಳು ಹಲವು. ಬಜೆಟ್ ತಡೆಹಿಡಿದಿರಬಹುದು, ಜಾಹೀರಾತು ತೆಗೆಯಲು ಮರೆತಿರಬಹುದು. ಒಳಗಿನವರನ್ನೇ ಆರಿಸಿಯಾಗಿದ್ದು, ನಿಯಮಕ್ಕಾಗಿ ಹೊರಗೂ ಪ್ರಕಟಿಸಿರಬಹುದು. ಮುಂದೆ ಬೇಕಾದೀತು ಎಂದು ಸುಮ್ನೆ ರೆಸ್ಯೂಮ್ ಕೂಡಿಡುತ್ತಿರಬಹುದು. ಕೊನೆಯದನ್ನು ಜಾಹೀರಾತಿನ ಮಾತಿನಲ್ಲೇ ಹಿಡಿಯಬಹುದು. 'ಪ್ರತಿಭಾವಂತರನ್ನು ಸದಾ ಹುಡುಕುತ್ತಿರುತ್ತೇವೆ', 'ಮುಂದಿನ ಅವಕಾಶಗಳಿಗಾಗಿ', 'ಟ್ಯಾಲೆಂಟ್ ಪೂಲ್' ಎಂಬ ಮಾತುಗಳಿದ್ದು, ಯಾವ ತಂಡ, ಯಾರ ಕೈಕೆಳಗೆ, ಯಾವಾಗ ಸೇರಬೇಕು ಎಂಬುದು ಏನೂ ಇಲ್ಲದಿದ್ದರೆ ಸದ್ಯಕ್ಕೆ ಅಲ್ಲಿ ಕುರ್ಚಿ ಖಾಲಿ ಇಲ್ಲ ಎಂದೇ ಓದಿಕೊಳ್ಳಿ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇದಕ್ಕೊಂದು ಕಾನೂನೇ ಇದೆ. 2026ರ ಜನವರಿ 1ರಿಂದ ಅಲ್ಲಿ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು, ಜಾಹೀರಾತು ಈಗ ಖಾಲಿ ಇರುವ ಹುದ್ದೆಗೋ ಅಲ್ಲವೋ ಎಂದು ಅದರಲ್ಲೇ ಬರೆಯಬೇಕು. ಇಂಥ ನಿಯಮ ಇಲ್ಲದ ಕಡೆ ನಾವೇ ಕೇಳಬೇಕು.

ಸಂಸ್ಥೆಯ ಎಚ್‌ಆರ್‌ಗೋ ರಿಕ್ರೂಟರ್‌ಗೋ ನಾಲ್ಕು ಸಾಲು ಬರೆಯಿರಿ:

'ನಮಸ್ಕಾರ. R-2217 ಸೀನಿಯರ್ ಅಕೌಂಟೆಂಟ್ ಹುದ್ದೆ ನೋಡಿದೆ. ಇದು ಹೊಸ ಹುದ್ದೆಯೇ, ಬಿಟ್ಟುಹೋದವರ ಜಾಗವೇ? ಯಾರ ಕೈಕೆಳಗೆ ಕೆಲಸ ಮಾಡಬೇಕು? ಸಂದರ್ಶನಗಳು ಈಗ ನಡೆಯುತ್ತಿವೆಯೇ? ತಿಳಿಸಿದರೆ ಅದಕ್ಕೆ ತಕ್ಕ ಹಾಗೆ ಅರ್ಜಿ ಸಿದ್ಧಪಡಿಸುತ್ತೇನೆ.'

ಈ ಮೂರು ಪ್ರಶ್ನೆ ಸುಮ್ಮನೆ ಆರಿಸಿದ್ದಲ್ಲ. ಹುದ್ದೆ ನಿಜವಾಗಿದ್ದರೆ ಇವಕ್ಕೆ ಉತ್ತರ ಗೊತ್ತಿರುವ ಒಬ್ಬರು ಇದ್ದೇ ಇರುತ್ತಾರೆ. 'ನಿಮ್ಮ ರೆಸ್ಯೂಮ್ ಕಳಿಸಿ, ಸೂಕ್ತ ಅವಕಾಶ ಬಂದಾಗ ಸಂಪರ್ಕಿಸುತ್ತೇವೆ' ಎಂದು ಬಂದರೆ ಅದೂ ಸ್ಪಷ್ಟ ಉತ್ತರವೇ. ಐದು ಕೆಲಸದ ದಿನ ಕಾಯಿರಿ. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಘೋಸ್ಟ್ ಎಂದು ಹೇಳಲಾಗುವುದಿಲ್ಲ, ಎಷ್ಟೋ ಎಚ್‌ಆರ್ ವಿಭಾಗಗಳು ಇಂಥ ಪತ್ರಗಳಿಗೆ ಉತ್ತರಿಸುವುದೇ ಇಲ್ಲ. ಆದರೆ ಹಳೆಯ ನಂಬರ್, ಹಳೆಯ ದಿನಾಂಕ, ಮೌನ ಮೂರೂ ಸೇರಿದರೆ ಅದನ್ನು ಪಟ್ಟಿಯ ಕೊನೆಗೆ ತಳ್ಳಿ.

## ಹಂತ 5: ಏಜೆನ್ಸಿ ಇದ್ದರೆ ಒಂದೇ ಬಾಗಿಲು ಆರಿಸಿ

ನಕಲು ಜಾಹೀರಾತಿನ ನಿಜವಾದ ಅಪಾಯ ಇರುವುದು ಇಲ್ಲಿ. ಏಜೆನ್ಸಿ ಕಳಿಸಿದ ಅಭ್ಯರ್ಥಿ ಆಯ್ಕೆಯಾದರೆ ಸಂಸ್ಥೆ ಅವರಿಗೆ ಶುಲ್ಕ ಕೊಡಬೇಕು. ಒಬ್ಬರದೇ ರೆಸ್ಯೂಮ್ ಎರಡು ಏಜೆನ್ಸಿಗಳಿಂದ ಬಂದರೆ ಶುಲ್ಕ ಯಾರಿಗೆ ಎಂಬ ಜಗಳ ಶುರುವಾಗುತ್ತದೆ. ನೇರವಾಗಿ ಒಂದು, ಏಜೆನ್ಸಿಯಿಂದ ಒಂದು ಬಂದರೂ ಅಷ್ಟೇ. ಆ ತಲೆನೋವು ಬೇಡವೆಂದು ಕೆಲವು ಸಂಸ್ಥೆಗಳು ಅಭ್ಯರ್ಥಿಯನ್ನೇ ಕೈಬಿಡುತ್ತವೆ. ಜಾಸ್ತಿ ಕಡೆ ಹಾಕಿದರೆ ಜಾಸ್ತಿ ಅವಕಾಶ ಎಂದುಕೊಂಡವರು ಇದ್ದ ಒಂದನ್ನೂ ಕಳೆದುಕೊಳ್ಳುತ್ತಾರೆ. ಯಾಕೆ ಕೈಬಿಟ್ಟರು ಎಂದು ಅವರಿಗೆ ಯಾರೂ ಹೇಳುವುದೂ ಇಲ್ಲ. ಇದು ನನಗೆ ಬಹಳ ಬೇಸರ ತರಿಸುವ ಸಂಗತಿ.

ಆದ್ದರಿಂದ ಏಜೆನ್ಸಿಗೆ ರೆಸ್ಯೂಮ್ ಕೊಡುವ ಮೊದಲು ಎರಡು ವಿಷಯ ಕೇಳಿ: ಸಂಸ್ಥೆ ಯಾವುದು, ಹುದ್ದೆಯ ನಂಬರ್ ಎಷ್ಟು. ಸಂಸ್ಥೆಯ ಹೆಸರನ್ನು ಜಾಹೀರಾತಿನಲ್ಲಿ ಗುಟ್ಟಾಗಿ ಇಡುವುದು ಸಹಜ. ಆದರೆ ನಿಮ್ಮ ರೆಸ್ಯೂಮ್ ಅಲ್ಲಿಗೆ ಹೋಗುವ ಮೊದಲು ನಿಮಗೆ ಹೇಳಲೇಬೇಕು. ಆಮೇಲೆ ಇಮೇಲ್‌ನಲ್ಲಿ ಹೀಗೆ ಬರೆದುಬಿಡಿ: 'ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಸಂಸ್ಥೆಗೂ ನನ್ನ ರೆಸ್ಯೂಮ್ ಕಳಿಸಬೇಡಿ. ಪ್ರತಿ ಹುದ್ದೆಗೂ ಬೇರೆ ಬೇರೆಯಾಗಿ ಕೇಳಿ.' ಹೆಸರು ಹೇಳಲು ಕೊನೆಯವರೆಗೂ ಒಪ್ಪದಿದ್ದರೆ, ಅವರ ಕೈಯಲ್ಲಿ ಹುದ್ದೆಯೇ ಇಲ್ಲದಿರಬಹುದು. ಸಂಸ್ಥೆಯ ಪುಟದಿಂದ ಜಾಹೀರಾತು ಎತ್ತಿಕೊಂಡು, ಮೊದಲು ರೆಸ್ಯೂಮ್ ಕೂಡಿಹಾಕಿ ಆಮೇಲೆ ಸಂಸ್ಥೆಯ ಬಾಗಿಲು ತಟ್ಟುವವರೂ ಇದ್ದಾರೆ.

ಸಂಸ್ಥೆಯ ಪುಟದಲ್ಲೇ ಹುದ್ದೆ ಸಿಕ್ಕಿದೆ ಎಂದರೆ ನನ್ನ ಸಲಹೆ ನೇರ ಅರ್ಜಿಯೇ. ಏಜೆನ್ಸಿಯ ರಿಕ್ರೂಟರ್ ಆ ತಂಡದವರೊಂದಿಗೆ ನಿಜವಾಗಿ ಮಾತಾಡುತ್ತಿದ್ದಾರೆ, ಜಾಹೀರಾತಿನಲ್ಲಿಲ್ಲದ ವಿವರ ಅವರಿಗೆ ಗೊತ್ತಿದೆ ಎಂದು ಕಂಡರೆ ಮಾತ್ರ ಅವರ ಮೂಲಕ ಹೋಗಿ. ಯಾವುದೇ ಆಗಲಿ, ಸ್ಪ್ರೆಡ್‌ಶೀಟ್‌ನ ಕೊನೆಯ ಕಾಲಂನಲ್ಲಿ ಬರೆದಿಡಿ. ಎರಡು ವಾರ ಬಿಟ್ಟು ಇನ್ನೊಂದು ಏಜೆನ್ಸಿಯವರು ಅದೇ ಹುದ್ದೆಗೆ ಕರೆ ಮಾಡಿದಾಗ ನೆನಪಿನ ಮೇಲೆ ನಿಲ್ಲಬೇಕಾಗುವುದಿಲ್ಲ.

## ಹಂತ 6: ಹಣದ ಮಾತು ಬಂದ ಕೂಡಲೇ ನಿಲ್ಲಿ

ನಕಲಿನ ಕೆಟ್ಟ ರೂಪ ಇದು: ನಿಜವಾದ ಜಾಹೀರಾತನ್ನು ಅಕ್ಷರ ಬಿಡದೆ ಕಾಪಿ ಮಾಡಿ, ಸಂಪರ್ಕದ ವಿಳಾಸ ಮಾತ್ರ ಬದಲಿಸುವುದು. ಸಂಸ್ಥೆ ನಿಜ, ಹುದ್ದೆ ನಿಜ, ಅರ್ಜಿ ಹೋಗುವ ಜಾಗ ಮಾತ್ರ ಸುಳ್ಳು. ಹಾಗಾಗಿಯೇ 2ನೇ ಹಂತದಲ್ಲಿ ಲಿಂಕ್ ಒತ್ತಬೇಡಿ ಎಂದದ್ದು.

ವಿಳಾಸವನ್ನು ಬಲದಿಂದ ಎಡಕ್ಕೆ ಓದುವ ಅಭ್ಯಾಸ ಮಾಡಿಕೊಳ್ಳಿ. ಸಂಸ್ಥೆಯ ವಿಳಾಸ example.com ಎಂದುಕೊಳ್ಳೋಣ.

```
careers.example.com
example-careers.com
```

ಮೊದಲನೆಯದು ಸಂಸ್ಥೆಯದ್ದೇ, ಯಾಕೆಂದರೆ ಕೊನೆಯಲ್ಲಿ ಚುಕ್ಕಿಯ ನಂತರ ಅದೇ example.com ಇದೆ. ಎರಡನೆಯದು ಬೇರೆಯೇ ಹೆಸರು, ಅದನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಇಮೇಲ್‌ನಲ್ಲೂ @ ಆದ ಮೇಲಿನ ಭಾಗಕ್ಕೆ ಇದೇ ನಿಯಮ. ಅನುಮಾನ ಬಂದರೆ lookup.icann.org ನಲ್ಲಿ ಆ ಹೆಸರು ಹಾಕಿ, ಅದು ನೋಂದಣಿಯಾದ ದಿನ ನೋಡಿ. ಸಂಸ್ಥೆಗೆ ಇಪ್ಪತ್ತು ವರ್ಷ, ವಿಳಾಸಕ್ಕೆ ಇಪ್ಪತ್ತು ದಿನ ಎಂದಾದರೆ ಅಲ್ಲಿಗೇ ಬಿಡಿ. ನೇಮಕಾತಿ ಸಾಫ್ಟ್‌ವೇರ್ ಬಳಸುವ ಸಂಸ್ಥೆಗಳ ಅರ್ಜಿ ಪುಟ greenhouse.io, lever.co, myworkdayjobs.com ಮುಂತಾದ ವಿಳಾಸಗಳಲ್ಲಿ ಇರುತ್ತದೆ. ಅದು ಸಹಜ. ಆದರೆ ಸಂಸ್ಥೆಯ ಸ್ವಂತ ಪುಟದಿಂದಲೇ ಅಲ್ಲಿಗೆ ದಾರಿ ಇರಬೇಕು.

ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಹಿನ್ನೆಲೆ ಪರಿಶೀಲನೆಯ ಖರ್ಚು, 'ಆಮೇಲೆ ವಾಪಸ್ ಕೊಡುತ್ತೇವೆ' ಎಂಬ ಯಾವುದೇ ಮೊತ್ತ: ಕೆಲಸ ಕೊಡುವವರಿಗೆ ಇದಾವುದನ್ನೂ ಕೊಡಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ಕೂಡ ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು ಎನ್ನುತ್ತದೆ. ಅದನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ ಅದು ಅನ್ವಯ, ವಿನಾಯಿತಿಗಳೂ ಇವೆ.

ಪೋರ್ಟಲ್‌ಗಳೇ ಮಾರುವ 'ನಿಮ್ಮ ಅರ್ಜಿ ಮೇಲೆ ತೋರಿಸುತ್ತೇವೆ' ಎಂಬ ಸೇವೆ ಮೋಸವಲ್ಲ. ಆದರೆ R-2217ರಂಥ ಹುದ್ದೆಗೆ ಅದನ್ನು ಕೊಂಡರೆ, ಯಾರೂ ತೆರೆಯದ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲಿರುತ್ತದೆ ಅಷ್ಟೇ.

## ಹಂತ 7: ತೀರ್ಮಾನಿಸಿ, ಸಾಲು ಮುಚ್ಚಿ

ನಮ್ಮ ಐದು ಜಾಹೀರಾತು ಈಗ ಎರಡು ಹುದ್ದೆಗೆ ಇಳಿದಿವೆ. R-2391ಕ್ಕೆ ಸಂಸ್ಥೆಯ ಪುಟದಲ್ಲೇ ನೇರ ಅರ್ಜಿ ಹಾಕಿ, ಅದಕ್ಕೆ ಹೊಂದುವ ಹಾಗೆ ರೆಸ್ಯೂಮ್ ತಿದ್ದಲು ಒಂದು ಸಂಜೆ ಕೊಡಿ. R-2217ಕ್ಕೆ ಮೇಲಿನ ನಾಲ್ಕು ಸಾಲಿನ ಪತ್ರ ಮಾತ್ರ. ಸರಿಯಾದ ಉತ್ತರ ಬಂದರೆ ಅರ್ಜಿ, ಇಲ್ಲದಿದ್ದರೆ ಇಲ್ಲ. ಏಜೆನ್ಸಿಗಳ ಎರಡು ಜಾಹೀರಾತಿಗೆ, ಎತ್ತಿ ತೋರಿಸುವ ಪೋರ್ಟಲ್‌ನ ಒಂದಕ್ಕೆ ಏನೂ ಬೇಡ.

ಒಂದು ಜಾಹೀರಾತಿಗೆ 15 ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಅಷ್ಟರಲ್ಲಿ ಮೂಲ ಸಿಗದಿದ್ದರೆ 'ಮೂಲ ಸಿಕ್ಕಿಲ್ಲ' ಎಂದು ಬರೆದು ಮುಂದಕ್ಕೆ ಹೋಗಿ. ಅರ್ಜಿ ಹಾಕಿದ ಮೂರು ವಾರಕ್ಕೆ ಸಂಸ್ಥೆಯ ಪುಟವನ್ನು ಮತ್ತೆ ತೆರೆದು ನೋಡಿ. ಅದೇ ನಂಬರ್ ಹೊಸ ದಿನಾಂಕ ಹೊತ್ತು ನಿಂತಿದ್ದರೆ, ನಿಮಗೆ ಯಾವ ಉತ್ತರವೂ ಬಂದಿಲ್ಲದಿದ್ದರೆ, ಆ ಸಾಲಿಗೆ ಬಣ್ಣ ಬಳಿದು ಮುಚ್ಚಿ. ಸಂಸ್ಥೆಯ ಹೆಸರನ್ನು ಮಾತ್ರ ಅಳಿಸಬೇಡಿ. ಅವರು ಮುಂದಿನ ಸಲ '2 ದಿನಗಳ ಹಿಂದೆ' ಎಂದು ಹಾಕಿದಾಗ ಹಳೆಯ ನಂಬರ್ ಜೊತೆ ಹೋಲಿಸಲು ನಿಮ್ಮ ಬಳಿ ನಿಮ್ಮದೇ ದಾಖಲೆ ಇರುತ್ತದೆ.